‘ವೇರ್ ಈಸ್ ಇಟ್’ ಯಾವಾಗ ‘ವೇರ್ ಇಟ್ ಈಸ್’ ಆಗುತ್ತದೆ?

ನನ್ನ ತಂಗಿಯ ಮಗಳು ಹಾಸನದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಒಂದು ಸಂಜೆ ತಾನು ಬರೆದ ಮೇಲ್ ಒಂದನ್ನು ತೋರಿಸಿದಳು. ‘ಪ್ಲೀಸ್ ಲೆಟ್ ಮಿ ನೋ ವೆನ್ ವಿಲ್ ಯು ಕಮ್’ ಎಂದು ಬರೆದಿದ್ದಳು. ಮೇಲಿನವರು ಅದನ್ನು ‘ವೆನ್ ಯು ವಿಲ್ ಕಮ್’ ಎಂದು ತಿದ್ದಿ ಕಳಿಸಿದ್ದರು. “ದೊಡ್ಡಮ್ಮ, ಪ್ರಶ್ನೆ ಅಂದ್ರೆ ವಿಲ್ ಮುಂದೆ ಬರಬೇಕು ಅಂತ ಮೇಷ್ಟ್ರು ಬಾಯಿಪಾಠ ಮಾಡಿಸಿದ್ರಲ್ಲ, ಇಲ್ಲಿ ಯಾಕೆ ಹಿಂದಕ್ಕೆ ಹೋಯ್ತು?” ಎಂದು ಕೇಳಿದಳು.

ಅವಳ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಈ ತಪ್ಪು ಪಾಠ ಕಲಿಯದವರದ್ದಲ್ಲ, ಹಿಂದಿನ ಪಾಠವನ್ನು ಚೆನ್ನಾಗಿ ಕಲಿತವರದ್ದು.

‘ನೀವು ಬರ್ತೀರಿ’ ಎಂಬ ಮಾತನ್ನು ಪ್ರಶ್ನೆ ಮಾಡಲು ನಮಗೆ ಕೊನೆಯಲ್ಲಿ ಒಂದು ‘ಆ’ ಸಾಕು: ‘ನೀವು ಬರ್ತೀರಾ?’ ಪದಗಳು ಕೂತಲ್ಲೇ ಕೂತಿರುತ್ತವೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯವಿಲ್ಲ. ಅಲ್ಲಿ ‘ಯು ವಿಲ್’ ಎಂಬುದನ್ನು ‘ವಿಲ್ ಯು’ ಎಂದು ತಿರುಗಿಸಬೇಕು. ಸಹಾಯಕ ಕ್ರಿಯಾಪದ ಕರ್ತೃವಿನ ಮುಂದೆ ಬಂದು ನಿಂತರೆ ‘ನಾನು ಈಗ ನಿಮ್ಮನ್ನು ಕೇಳುತ್ತಿದ್ದೇನೆ’ ಎಂದರ್ಥ. ಅಂದರೆ ನಮ್ಮ ‘ಆ’ ಮಾಡುವ ಕೆಲಸವನ್ನು ಅಲ್ಲಿ ಪದಗಳ ಅದಲುಬದಲು ಮಾಡುತ್ತದೆ.

ಈಗ ಮೇಲ್‌ನ ವಾಕ್ಯಕ್ಕೆ ಬನ್ನಿ. ‘ದಯವಿಟ್ಟು ತಿಳಿಸಿ’ ಎಂಬುದು ಅದರ ಮುಖ್ಯ ಮಾತು, ಒಂದು ಕೋರಿಕೆ. ಏನನ್ನು ತಿಳಿಸಬೇಕು? ‘ನೀವು ಯಾವಾಗ ಬರುವಿರಿ ಎಂಬುದನ್ನು’. ಈ ಒಳಗಿನ ಭಾಗ ಇನ್ನು ಪ್ರಶ್ನೆಯಾಗಿ ಉಳಿದಿಲ್ಲ, ತಿಳಿಸಬೇಕಾದ ವಸ್ತುವಾಗಿದೆ. ‘ಲೆಟ್ ಮಿ ನೋ ಯುವರ್ ಅಡ್ರೆಸ್’ ಎನ್ನುವಾಗ ವಿಳಾಸ ಕೂತ ಜಾಗದಲ್ಲೇ ಅದೂ ಕೂತಿದೆ. ಕೇಳುವ ಕೆಲಸ ಅಲ್ಲಿ ಇಲ್ಲದಿರುವುದರಿಂದ ತಿರುಗಿಸುವ ಕಾರಣವೂ ಇಲ್ಲ. ‘ಯು ವಿಲ್’ ತನ್ನ ಸಹಜ ಕ್ರಮಕ್ಕೆ ಮರಳುತ್ತದೆ.

‘ಕ್ಯಾನ್ ಯು ಟೆಲ್ ಮಿ ವೇರ್ ದ ಬಸ್ ಸ್ಟ್ಯಾಂಡ್ ಈಸ್?’ ಎಂಬಂಥ ಮಾತಿನಲ್ಲಿ ಗೊಂದಲ ಹೆಚ್ಚು. ಇದು ನಿಜವಾಗಿಯೂ ಪ್ರಶ್ನೆ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೂ ಇದೆ. ಆದರೆ ಕೇಳುವ ಕೆಲಸವನ್ನು ಮೊದಲಿನ ‘ಕ್ಯಾನ್ ಯು’ ಆಗಲೇ ಮಾಡಿ ಮುಗಿಸಿದೆ. ಒಳಗೆ ಇನ್ನೊಮ್ಮೆ ತಿರುಗಿಸಿ ‘ವೇರ್ ಈಸ್ ದ ಬಸ್ ಸ್ಟ್ಯಾಂಡ್’ ಎನ್ನಬೇಕಿಲ್ಲ.

ಕನ್ನಡಿಗರಿಗೆ ಇಲ್ಲಿ ಕಾಲು ಜಾರುವುದು ನಮ್ಮ ‘ಅಂತ’ದಿಂದ ಎಂದು ನನಗೆ ಅನ್ನಿಸುತ್ತದೆ. ‘ಬಸ್ ಸ್ಟ್ಯಾಂಡ್ ಎಲ್ಲಿದೆ?’ ಎಂಬ ಪೂರ್ತಿ ಪ್ರಶ್ನೆಯನ್ನು ಹಾಗೇ ಎತ್ತಿ, ಹಿಂದೆ ‘ಅಂತ’ ಸೇರಿಸಿ, ‘ಬಸ್ ಸ್ಟ್ಯಾಂಡ್ ಎಲ್ಲಿದೆ ಅಂತ ಹೇಳ್ತೀರಾ?’ ಎನ್ನುತ್ತೇವೆ. ಒಳಗಿನ ಪ್ರಶ್ನೆಯ ಒಂದು ಅಕ್ಷರವೂ ಬದಲಾಗುವುದಿಲ್ಲ. ಆ ರೂಢಿಯಲ್ಲೇ ‘ವೇರ್ ಈಸ್ ದ ಬಸ್ ಸ್ಟ್ಯಾಂಡ್’ ಎಂಬ ಸಿದ್ಧ ಪ್ರಶ್ನೆಯನ್ನೂ ಹಾಗೇ ಎತ್ತಿ ‘ಕ್ಯಾನ್ ಯು ಟೆಲ್ ಮಿ’ಗೆ ಅಂಟಿಸುತ್ತೇವೆ.

ಆದರೆ ಈ ವ್ಯತ್ಯಾಸವನ್ನು ಕಾಣಿಸುವ ಉಪಾಯವೂ ಕನ್ನಡದಲ್ಲೇ ಇದೆ. ‘ಅವನು ಎಲ್ಲಿಗೆ ಹೋದ?’ ಎಂದು ಎದುರಿಗಿದ್ದವರನ್ನು ಕೇಳುತ್ತೇವೆ. ಉತ್ತರ ಗೊತ್ತಿಲ್ಲದವರು ‘ಅವನು ಎಲ್ಲಿಗೆ ಹೋದನೋ ಗೊತ್ತಿಲ್ಲ’ ಎನ್ನುತ್ತಾರೆ. ಆ ‘ಓ’ ಹತ್ತಿದ ಮೇಲೆ ಅದು ಯಾರಿಗೂ ಹಾಕಿದ ಪ್ರಶ್ನೆಯಲ್ಲ. ನಿಮ್ಮ ಮನಸ್ಸಿನಲ್ಲಿರುವ ಕನ್ನಡ ವಾಕ್ಯಕ್ಕೆ ‘ಓ’ ಅಥವಾ ‘ಎಂಬುದು’ ಸೇರಿಸಿ ನೋಡಿ. ಅರ್ಥ ಕೆಡದೆ ಸೇರಿಕೊಂಡರೆ ಇಂಗ್ಲಿಷಿನಲ್ಲಿ ನೇರ ಕ್ರಮವೇ ಇರಬೇಕು.

‘ಓ’ ಸೇರಿಸಿದ ಇದೇ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ‘ಹಿ ವೆಂಟ್’ ಎಂಬಲ್ಲಿ ತಿರುಗಿಸಲು ಸಹಾಯಕ ಕ್ರಿಯಾಪದವೇ ಇಲ್ಲ. ಹಾಗಾಗಿ ಪ್ರಶ್ನೆಗೆಂದು ‘ಡಿಡ್’ ಅನ್ನು ಎರವಲು ತರುತ್ತಾರೆ. ಭೂತಕಾಲದ ಗುರುತನ್ನು ಆ ‘ಡಿಡ್’ ಹೊತ್ತುಕೊಳ್ಳುತ್ತದೆ, ‘ವೆಂಟ್’ ಬರಿಯ ‘ಗೋ’ ಆಗುತ್ತದೆ: ‘ವೇರ್ ಡಿಡ್ ಹಿ ಗೋ?’ ಪ್ರಶ್ನೆ ಒಳಗೆ ಸೇರಿದಾಗ ಎರವಲು ತಂದದ್ದನ್ನು ಹಿಂದಿರುಗಿಸಬೇಕು. ‘ಡಿಡ್’ ಹೋಗುತ್ತದೆ, ಹೊತ್ತಿದ್ದ ಭೂತಕಾಲವನ್ನು ‘ಗೋ’ಗೆ ಒಪ್ಪಿಸಿ ಹೋಗುತ್ತದೆ. ಆಗ ಸಿಗುವುದು ‘ಐ ಡೋಂಟ್ ನೋ ವೇರ್ ಹಿ ವೆಂಟ್’. ಅರ್ಧ ಮಾತ್ರ ತಿದ್ದಿಕೊಳ್ಳುವವರು ‘ವೇರ್ ಹಿ ಗೋ’ ಎಂದೋ ‘ವೇರ್ ಹಿ ಡಿಡ್ ಗೋ’ ಎಂದೋ ಬರೆಯುತ್ತಾರೆ. ‘ವಾಟ್ ಡಸ್ ಶಿ ವಾಂಟ್’ ಕೂಡ ಹೀಗೆಯೇ. ‘ಡಸ್’ ಹೋಗುವಾಗ ತನ್ನ ‘ಸ್’ ಅನ್ನು ಬಿಟ್ಟುಹೋಗಿ ‘ವಾಟ್ ಶಿ ವಾಂಟ್ಸ್’ ಆಗುತ್ತದೆ.

ಹೌದು, ಇಲ್ಲ ಎಂಬ ಉತ್ತರದ ಪ್ರಶ್ನೆಯಾದರೆ ‘ಇಫ್’ ಬೇಕು. ‘ಅವರು ಮನೇಲಿದ್ದಾರೋ ಕೇಳು’ ಎಂಬಲ್ಲಿ ‘ಓ’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಅದು ಮಾಡುತ್ತದೆ: ‘ಆಸ್ಕ್ ಇಫ್ ಹಿ ಈಸ್ ಅಟ್ ಹೋಮ್’.

ನಿಯಮ ಕಲಿತ ಹುರುಪಿನಲ್ಲಿ ಎಲ್ಲವನ್ನೂ ತಿರುಗಿಸಲು ಹೋಗಬಾರದು. ‘ಹೂ ಕೇಮ್?’ ಎಂಬಲ್ಲಿ ‘ಹೂ’ ತಾನೇ ಕರ್ತೃ. ಅಲ್ಲಿ ಮೊದಲೂ ಏನೂ ತಿರುಗಿರಲಿಲ್ಲ, ಹಾಗಾಗಿ ‘ಐ ನೋ ಹೂ ಕೇಮ್’ ಎಂಬುದರಲ್ಲೂ ಏನೂ ಬದಲಾಗದು. ‘ವಾಟ್ ಹ್ಯಾಪನ್ಡ್’ ಕೂಡ ಅದೇ ಜಾತಿ. ಇನ್ನೊಬ್ಬರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇದ್ದ ಹಾಗೇ ಬರೆದರೆ ಪ್ರಶ್ನೆಯ ಕ್ರಮವೇ ಉಳಿಯುತ್ತದೆ. ಮತ್ತೊಂದು ಸಣ್ಣ ವಿಷಯವಿದೆ. ‘ಇಟ್ ಈಸ್’ ಎಂಬುದನ್ನು ಬೇರೆ ಕಡೆ ‘ಇಟ್ಸ್’ ಎಂದು ಕುಗ್ಗಿಸಬಹುದು, ಆದರೆ ‘ಐ ನೋ ವೇರ್ ಇಟ್ಸ್’ ಎಂದು ಯಾರೂ ನಿಲ್ಲಿಸುವುದಿಲ್ಲ. ಕೊನೆಯಲ್ಲಿರುವ ‘ಈಸ್’ ಅನ್ನು ಪೂರ್ತಿಯಾಗಿ ಉಚ್ಚರಿಸಲೇಬೇಕು.

ಎರಡನೇ ಭಾಷೆಯಾಗಿ ಇಂಗ್ಲಿಷ್ ಕಲಿಯುವವರು ಏರುವ ಮೆಟ್ಟಿಲುಗಳನ್ನು ಭಾಷಾವಿಜ್ಞಾನಿ ಮಾನ್‌ಫ್ರೆಡ್ ಪೀನ್‌ಮನ್ ಗುರುತಿಸಿದ್ದಾರೆ. 1998ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ, ತಿರುಗಿಸಿದ್ದನ್ನು ಒಳವಾಕ್ಯದಲ್ಲಿ ಮತ್ತೆ ನೇರ ಮಾಡುವುದು ಕಟ್ಟಕಡೆಯ ಮೆಟ್ಟಿಲು. ಮೊದಲು ಕಲಿಯುವವರು ಏನನ್ನೂ ತಿರುಗಿಸದೆ ‘ವೇರ್ ಯು ಆರ್ ಗೋಯಿಂಗ್?’ ಎನ್ನುತ್ತಾರೆ. ಆಮೇಲೆ ತಿರುಗಿಸಲು ಕಲಿತು ಎಲ್ಲ ಕಡೆ ತಿರುಗಿಸುತ್ತಾರೆ. ಎಲ್ಲಿ ತಿರುಗಿಸಬಾರದು ಎಂಬುದು ತಿಳಿಯುವುದು ಕೊನೆಗೆ. ನನ್ನ ತಂಗಿಯ ಮಗಳು ಆ ಕೊನೆಯ ಮೆಟ್ಟಿಲಿನ ಮುಂದೆ ನಿಂತಿದ್ದಾಳೆ. ಇದನ್ನು ಅವಳಿಗೆ ಹೇಳಿದಾಗ ಮುಖ ಅರಳಿತು.

ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಎಲ್ಲರೂ ಈ ನಿಯಮ ಪಾಲಿಸುವುದೂ ಇಲ್ಲ. ಐರ್ಲೆಂಡಿನಲ್ಲಿ ‘ಐ ಆಸ್ಕ್ಡ್ ಹಿಮ್ ವಾಸ್ ಹಿ ಕಮಿಂಗ್’ ಎನ್ನುವುದು ತಲೆಮಾರುಗಳಿಂದ ಬಂದ ಸಹಜ ಮಾತು. ಅಮೆರಿಕದ ಕಪ್ಪು ಸಮುದಾಯದ ಇಂಗ್ಲಿಷಿನಲ್ಲೂ ಈ ಕ್ರಮ ಉಂಟು. ಅವರ ಆಡುಮಾತಿನಲ್ಲಿ ಅದು ತಪ್ಪಲ್ಲ. ನಮ್ಮಲ್ಲೂ ‘ಮೇ ಐ ನೋ ವಾಟ್ ಈಸ್ ಯುವರ್ ನೇಮ್’ ಎಂದು ಫೋನಿನಲ್ಲಿ ಕೇಳಿದವರ ಅರ್ಥ ಯಾರಿಗೂ ತಪ್ಪುವುದಿಲ್ಲ, ಅದಕ್ಕಾಗಿ ನಗುವವರದ್ದು ಸಣ್ಣತನ. ಆದರೆ ಪರೀಕ್ಷೆ, ಅರ್ಜಿ, ಕಚೇರಿಯ ಪತ್ರಗಳು ಶಿಷ್ಟ ಇಂಗ್ಲಿಷನ್ನೇ ಬಯಸುತ್ತವೆ, ಅಲ್ಲಿ ಅಂಕ ಕಳೆಯುತ್ತಾರೆ.

ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ‘ವೇರ್ ಈಸ್ ಇಟ್’ ಕಲಿಸಿದ ವಾರದಲ್ಲೇ ಪಕ್ಕದಲ್ಲಿ ‘ಐ ನೋ ವೇರ್ ಇಟ್ ಈಸ್’ ಬರೆಸಿ, ಎರಡರ ಕೆಳಗೂ ‘ಎಲ್ಲಿದೆ’, ‘ಎಲ್ಲಿದೆ ಎಂಬುದು’ ಎಂದು ಕನ್ನಡದಲ್ಲೇ ಬರೆಸಿ. ಇನ್ನು ಫೋನಿನಲ್ಲಿ ಹೆಸರು ಕೇಳಬೇಕಾದವರಿಗೆ ಈ ತೊಡಕೇ ಬೇಡ. ‘ಮೇ ಐ ನೋ ಯುವರ್ ನೇಮ್’ ಎಂದರೆ ಸಾಕು.