ವೇರ್ ಈಸ್ ದ ಸ್ಟೇಷನ್: ಆ ‘ಈಸ್’ ಎಲ್ಲಿರಬೇಕು?

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದವರು ಯಾರನ್ನಾದರೂ ‘ಟೆಲ್ ಮಿ ವೇರ್ ಈಸ್ ದ ಸ್ಟೇಷನ್’ ಎಂದು ಕೇಳಿದರೆ ದಾರಿಯೇನೋ ಸಿಗುತ್ತದೆ. ಅದನ್ನೇ ಇಂಗ್ಲಿಷ್ ಪರೀಕ್ಷೆಯಲ್ಲಿ ಬರೆದರೆ ಅಂಕ ಹೋಗುತ್ತದೆ. ಅಲ್ಲಿರಬೇಕಾದದ್ದು ‘ಟೆಲ್ ಮಿ ವೇರ್ ದ ಸ್ಟೇಷನ್ ಈಸ್’.

ಕನ್ನಡದಲ್ಲಿ ಈ ತೊಡಕೇ ಇಲ್ಲ. ‘ಸ್ಟೇಷನ್ ಎಲ್ಲಿದೆ?’ ಎಂಬ ಪ್ರಶ್ನೆಗೆ ‘ಹೇಳಿ’ ಸೇರಿಸಿದರೆ ‘ಸ್ಟೇಷನ್ ಎಲ್ಲಿದೆ ಹೇಳಿ’ ಆಯಿತು. ಒಂದು ಪದವೂ ಜಾಗ ಬಿಟ್ಟು ಕದಲುವುದಿಲ್ಲ. ಹೀಗೆ ರೂಢಿಯಾದ ನಾಲಿಗೆ ಇಂಗ್ಲಿಷಿನಲ್ಲೂ ಪ್ರಶ್ನೆಯನ್ನು ಇದ್ದ ಹಾಗೆಯೇ ‘ಟೆಲ್ ಮಿ’ ಮುಂದೆ ಇಟ್ಟುಬಿಡುತ್ತದೆ.

ಇಂಗ್ಲಿಷಿನ ರೀತಿ ಬೇರೆ. ‘ದ ಸ್ಟೇಷನ್ ಈಸ್ ಹಿಯರ್’ ಎಂಬ ಹೇಳಿಕೆಯಲ್ಲಿ ಕರ್ತೃ ಮೊದಲು, ‘ಈಸ್’ ಆಮೇಲೆ. ನೇರವಾಗಿ ಪ್ರಶ್ನೆ ಕೇಳುವಾಗ ‘ಈಸ್’ ಕರ್ತೃವನ್ನು ದಾಟಿ ಮುಂದೆ ಬರುತ್ತದೆ. ಇದು ಪ್ರಶ್ನೆ ಎಂದು ಕೇಳುವವರಿಗೆ ತಿಳಿಸುವುದು ಆ ಜಿಗಿತವೇ. ‘ಟೆಲ್ ಮಿ’ ಬಂದ ಕೂಡಲೇ ಇಡೀ ವಾಕ್ಯ ಒಂದು ವಿನಂತಿಯಾಗುತ್ತದೆ, ಪ್ರಶ್ನೆ ಅದರೊಳಗಿನ ಒಂದು ತುಂಡಾಗುತ್ತದೆ. ಆಗ ಜಿಗಿತ ಬೇಕಿಲ್ಲ, ‘ಈಸ್’ ತನ್ನ ಜಾಗಕ್ಕೆ ಮರಳುತ್ತದೆ. ಇಂಥ ವಾಕ್ಯದ ಕೊನೆಗೆ ಪೂರ್ಣವಿರಾಮ ಬೀಳುವುದೂ ಇದೇ ಕಾರಣಕ್ಕೆ. ‘ಕ್ಯಾನ್ ಯು ಟೆಲ್ ಮಿ’ ಎಂದು ಶುರು ಮಾಡಿದರೆ ಪ್ರಶ್ನಾರ್ಥಕ ಚಿಹ್ನೆ ಬೇಕು, ಆದರೆ ಅದು ‘ಕ್ಯಾನ್ ಯು’ಗೆ ಸೇರಿದ್ದು.

ಹೆಚ್ಚು ಜನ ಎಡವುವುದು ‘ಡಸ್’, ‘ಡಿಡ್’ ಇರುವ ಕಡೆ. ‘ವೆನ್ ಡಿಡ್ ದ ಬಸ್ ಲೀವ್?’ ಎಂಬುದನ್ನು ‘ಡು ಯು ನೋ’ ಒಳಗೆ ಇಟ್ಟು ನೋಡಿ. ‘ಡಿಡ್’ ಬಂದದ್ದೇ ಪ್ರಶ್ನೆಗಾಗಿ, ಹಾಗಾಗಿ ಅದು ಪೂರ್ತಿ ಹೊರಟುಹೋಗುತ್ತದೆ. ಅದು ಹೊತ್ತಿದ್ದ ಭೂತಕಾಲವನ್ನು ಕ್ರಿಯಾಪದವೇ ಹೊರಬೇಕಾಗುತ್ತದೆ: ‘ಡು ಯು ನೋ ವೆನ್ ದ ಬಸ್ ಲೆಫ್ಟ್?’ ಹೌದು–ಇಲ್ಲ ಎಂಬ ಉತ್ತರದ ಪ್ರಶ್ನೆಯಾದರೆ ‘ಇಫ್’ ಅಥವಾ ‘ವೆದರ್’ ಸೇರುತ್ತದೆ. ‘ಈಸ್ ದ ಬ್ಯಾಂಕ್ ಓಪನ್?’ ಎಂಬುದು ‘ಆಸ್ಕ್ ಹಿಮ್ ಇಫ್ ದ ಬ್ಯಾಂಕ್ ಈಸ್ ಓಪನ್’ ಆಗುತ್ತದೆ.

ನಿಯಮ ಕಲಿತವರು ಅತಿ ಎಚ್ಚರದಿಂದ ಕೆಡಿಸುವ ಜಾಗವೂ ಒಂದಿದೆ. ‘ಹೂ ಕೇಮ್?’ ಎಂಬಲ್ಲಿ ‘ಹೂ’ ಪದವೇ ಕರ್ತೃ, ಅಲ್ಲಿ ಯಾವುದೂ ಜಿಗಿದಿಲ್ಲ. ಆದ್ದರಿಂದ ‘ಟೆಲ್ ಮಿ ಹೂ ಕೇಮ್’ ಇದ್ದಂತೆಯೇ ಸರಿ.

ಇದು ಶಿಷ್ಟ ಇಂಗ್ಲಿಷಿನ ಮಾತು. ಐರ್ಲೆಂಡಿನ ಆಡುಮಾತಿನಲ್ಲಿ ‘ಐ ಆಸ್ಕ್ಡ್ ಹಿಮ್ ವಾಸ್ ಹಿ ಕಮಿಂಗ್’ ಎನ್ನುವುದು ಸಹಜ. ಹಾಗಾಗಿ ರಸ್ತೆಯಲ್ಲಿ ದಾರಿ ಕೇಳುವವರು ಇದಕ್ಕಾಗಿ ನಾಚಬೇಕಿಲ್ಲ. ಅರ್ಜಿ, ಇಮೇಲ್, ಪರೀಕ್ಷೆಗಳಲ್ಲಿ ಮಾತ್ರ ‘ಟೆಲ್ ಮಿ’, ‘ಐ ಡೋಂಟ್ ನೋ’ ಬರೆದ ಮೇಲೆ ಮುಂದಿನ ‘ಈಸ್’ ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ.