ಗೋಡೆಯ ಕ್ಯಾಲೆಂಡರಿನಿಂದ ಫೋನಿಗೆ

ಬನಶಂಕರಿಯ ನಮ್ಮ ಮನೆಯಲ್ಲಿ ಗೋಡೆಯ ಕ್ಯಾಲೆಂಡರೇ ಅಮ್ಮನ ಲೆಕ್ಕದ ಪುಸ್ತಕ. 2025ರ ನವೆಂಬರ್ ಹಾಳೆಯಲ್ಲಿ 5ರ ಮನೆಯೊಳಗೆ ‘ಚೀಟಿ ಹಣ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದಳು. 8ರಲ್ಲಿ ‘ಕನಕ ಜಯಂತಿ’ ಎಂದು ಅಚ್ಚಾಗಿತ್ತು. ಹಾಳೆಯ ಚಿತ್ರ ತೆಗೆದು, ಇವನ್ನೆಲ್ಲ ಒಮ್ಮೆಗೇ ಗೂಗಲ್ ಕ್ಯಾಲೆಂಡರಿಗೆ ಸೇರಿಸಲು ಹೊರಟೆ.

ಪ್ರತಿ ಮನೆಯಲ್ಲಿಯೂ ತಾರೀಖಿನ ಜೊತೆಗೆ ತಿಥಿ, ನಕ್ಷತ್ರಗಳ ಸಣ್ಣ ಅಕ್ಷರಗಳಿರುತ್ತವೆ. ಆದ್ದರಿಂದ ಒಂದೊಂದೇ ಮನೆಯನ್ನು ನೋಡಿ, ಒಂದು ಸಂಗತಿಗೆ ಒಂದು ಸಾಲಿನಂತೆ ಪಟ್ಟಿ ಮಾಡಬೇಕು. ಮೊದಲ ಸಾಲಿನ ಶೀರ್ಷಿಕೆಗಳು ಇಂಗ್ಲಿಷಿನಲ್ಲಿಯೇ ಇರತಕ್ಕದ್ದು:

```
Subject,Start Date,All Day Event
ಚೀಟಿ ಹಣ,11/05/2025,True
ಕನಕ ಜಯಂತಿ,11/08/2025,True
```

ನಾನು ಎಡವಿದ್ದು ತಾರೀಖಿನಲ್ಲಿ. ಈ ಪಟ್ಟಿಯಲ್ಲಿ ತಿಂಗಳು ಮೊದಲು ಬರಬೇಕು. ನಾನು ನಮ್ಮ ರೂಢಿಯಂತೆ 05/11 ಎಂದು ಬರೆದೆ. ಚೀಟಿ ಮೇ 11ಕ್ಕೆ ಹೋಗಿ ಕುಳಿತಿತು. ತಪ್ಪೆಂದು ಯಾವ ಸೂಚನೆಯೂ ಬರಲಿಲ್ಲ, ಏಕೆಂದರೆ ಮೇ 11 ಕೂಡ ಇರುವ ದಿನವೇ. 12ರವರೆಗಿನ ತಾರೀಖುಗಳಿಗೆ ಈ ಅಪಾಯವುಂಟು. ಹಣ ಕಟ್ಟುವ ದಿನ ಫೋನು ಸುಮ್ಮನಿತ್ತು. ಅಮ್ಮನೇ ಗೋಡೆ ನೋಡಿ ನೆನಪಿಸಿದಳು.

ಪಟ್ಟಿಯನ್ನು `CSV UTF-8` ಎಂದು ಉಳಿಸಬೇಕು. ಇಲ್ಲವಾದರೆ ಕನ್ನಡ ಅಕ್ಷರಗಳು ಕೆಡಬಹುದು. ಅನಂತರ ಕಂಪ್ಯೂಟರಿನಲ್ಲಿ ಗೂಗಲ್ ಕ್ಯಾಲೆಂಡರಿನ `Settings` ತೆರೆದು, ಬೇರೆಯೇ ಒಂದು ಹೊಸ ಕ್ಯಾಲೆಂಡರ್ ಮಾಡಿಕೊಂಡು, `Import` ಮೂಲಕ ಅದಕ್ಕೆ ಸೇರಿಸುವುದು ಲೇಸು. ತಪ್ಪಾದರೆ ಅದನ್ನಷ್ಟೇ ಅಳಿಸಬಹುದು. ಕೊನೆಗೆ ನವೆಂಬರ್ ಪುಟವನ್ನು ತೆರೆದು, ಗೋಡೆಯ ಹಾಳೆಯೊಡನೆ ಮನೆ ಮನೆಯನ್ನೂ ತಾಳೆ ನೋಡಬೇಕು. ಈಗ ಆ ಕೆಲಸಕ್ಕೆ ಅಮ್ಮನೂ ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ.