ಗೃಹಸಾಲಕ್ಕಾಗಿ ವೇತನ ಪ್ರಮಾಣಪತ್ರ: ಕೋರಿಕೆಯಲ್ಲಿ ಉದ್ದೇಶ ಮತ್ತು ದಿನಾಂಕದ ಮಹತ್ವ

ಗ್ರಾಮ ಪಂಚಾಯತಿಯ ಸಿಬ್ಬಂದಿ ಮನೆ ಖರೀದಿಗೆ ಅಥವಾ ಮನೆ ಕಟ್ಟಲು ಬ್ಯಾಂಕಿನಿಂದ ಸಾಲ ಪಡೆಯಲು ಮುಂದಾದಾಗ ಬ್ಯಾಂಕು ಮೊದಲು ಕೇಳುವ ದಾಖಲೆಗಳಲ್ಲಿ ವೇತನ ಪ್ರಮಾಣಪತ್ರವೂ ಒಂದು. ಈ ಪತ್ರಕ್ಕಾಗಿ ಅವರು ಹಲವು ವೇಳೆ ಅಧ್ಯಕ್ಷರ ಅಥವಾ ಸದಸ್ಯರ ಬಳಿ ಬರುತ್ತಾರೆ. ಪಂಚಾಯತಿಯ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದು ಸಹಿ ಮಾಡಿಕೊಟ್ಟರೆ ಸಾಕೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ವೇತನವನ್ನು ಸೆಳೆದು ಪಾವತಿಸುವ ಕಚೇರಿಯ ಪತ್ರವನ್ನಷ್ಟೇ ಬ್ಯಾಂಕು ಒಪ್ಪುತ್ತದೆ. ಆದ್ದರಿಂದ ಕೋರಿಕೆ ಯಾರಿಗೆ ಹೋಗಬೇಕು ಮತ್ತು ಅದರಲ್ಲಿ ಏನು ಬರೆಯಬೇಕು ಎಂಬುದನ್ನು ಸದಸ್ಯರು ತಿಳಿದಿದ್ದರೆ ಸಿಬ್ಬಂದಿಗೆ ಸರಿಯಾದ ದಾರಿ ತೋರಿಸಬಹುದು.

ಪತ್ರ ನೀಡುವವರು ಯಾರು?

ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಕಾರ್ಯದರ್ಶಿ ಹಾಗೂ ದ್ವಿತೀಯ ದರ್ಜೆ ಲೆಕ್ಕ ಸಹಾಯಕರು ಸರ್ಕಾರಿ ನೌಕರರು. ಇವರ ವೇತನ ಬಿಲ್ಲು ತಾಲ್ಲೂಕು ಪಂಚಾಯತಿಯಲ್ಲಿ ಎಚ್.ಆರ್.ಎಂ.ಎಸ್. ಮೂಲಕ ತಯಾರಾಗುತ್ತದೆ. ಆದಕಾರಣ ಇವರ ಕೋರಿಕೆಯು ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಸಲ್ಲಬೇಕು. ಲೆಕ್ಕಶಾಖೆಯು ಅದನ್ನು ಪರಿಶೀಲಿಸಿ ಪತ್ರವನ್ನು ಸಿದ್ಧಪಡಿಸುತ್ತದೆ.

ಕರವಸೂಲಿಗಾರ, ನೀರುಗಂಟಿ, ಜವಾನ, ಸ್ವಚ್ಛತಾಗಾರ ಮುಂತಾದವರು ಗ್ರಾಮ ಪಂಚಾಯತಿಯದೇ ನೌಕರರು. ಇವರ ಪತ್ರವನ್ನು ವೇತನ ಪಾವತಿಯ ದಾಖಲೆಗಳ ಆಧಾರದ ಮೇಲೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೇ ನೀಡುತ್ತಾರೆ. ನೇಮಕಾತಿಗೆ ಜಿಲ್ಲಾ ಪಂಚಾಯತಿಯ ಅನುಮೋದನೆ ದೊರೆತಿದ್ದರೆ ಆ ಆದೇಶದ ಪ್ರತಿಯನ್ನೂ ಜೊತೆಗಿಡುವುದು ಒಳಿತು.

ಉದ್ದೇಶವನ್ನು ಏಕೆ ಬರೆಯಬೇಕು?

"ವೇತನ ಪ್ರಮಾಣಪತ್ರ ನೀಡಬೇಕಾಗಿ ಕೋರಿಕೆ" ಎಂದಷ್ಟೇ ಬರೆದರೆ ಲೆಕ್ಕಶಾಖೆಯು ಒಟ್ಟು ವೇತನ, ಒಟ್ಟು ಕಡಿತ, ನಿವ್ವಳ ವೇತನ ಎಂಬ ಮೂರು ಅಂಕಿಗಳ ಪತ್ರವನ್ನು ನೀಡಬಹುದು. ಮಕ್ಕಳ ಶಾಲೆಗೋ ಇನ್ನಾವುದಾದರೂ ಸಾಮಾನ್ಯ ಕಾರ್ಯಕ್ಕೋ ಅದು ಸಾಕು, ಗೃಹಸಾಲಕ್ಕೆ ಸಾಲದು. ಸೇವೆಗೆ ಸೇರಿದ ದಿನಾಂಕ, ಸೇವೆ ಖಾಯಂ ಆಗಿದೆಯೇ, ನಿವೃತ್ತಿಯ ದಿನಾಂಕ ಯಾವುದು, ಕಡಿತಗಳು ಯಾವ ಬಾಬ್ತಿನವು ಎಂಬ ವಿವರಗಳೂ ಬ್ಯಾಂಕಿಗೆ ಬೇಕು. ಇವುಗಳಲ್ಲಿ ಕಡಿತಗಳ ವಿಂಗಡಣೆಯೇ ಸಾಲದ ಮೊತ್ತವನ್ನು ಹೆಚ್ಚು ಬದಲಿಸುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. ಒಬ್ಬ ಲೆಕ್ಕ ಸಹಾಯಕರ ಒಟ್ಟು ವೇತನ 46,000 ರೂಪಾಯಿ. ಎನ್.ಪಿ.ಎಸ್. ವಂತಿಗೆ 4,200, ಕೆ.ಜಿ.ಐ.ಡಿ. ಮತ್ತು ಗುಂಪು ವಿಮೆ ಸೇರಿ 3,400, ವೃತ್ತಿ ತೆರಿಗೆ 200, ಹೀಗೆ ಶಾಸನಬದ್ಧ ಕಡಿತ 7,800 ರೂಪಾಯಿ. ಇದನ್ನು ಕಳೆದರೆ ಉಳಿಯುವುದು 38,200. ಇದಲ್ಲದೆ ಪತ್ತಿನ ಸಹಕಾರ ಸಂಘದ ಸಾಲದ ಕಂತು 6,000 ರೂಪಾಯಿಯೂ ವೇತನದಲ್ಲೇ ಕಡಿತವಾಗುತ್ತಿದೆ. ಕೈಗೆ ಬರುವುದು 32,200.

ಬ್ಯಾಂಕು ನಿವ್ವಳ ವೇತನದ ಅರ್ಧದಷ್ಟನ್ನು ಎಲ್ಲ ಸಾಲಗಳ ಕಂತಿಗೆ ಮಿತಿಯಾಗಿ ಇಟ್ಟುಕೊಂಡಿದೆ ಎಂದು ಭಾವಿಸೋಣ. ಪತ್ರದಲ್ಲಿ ಸಂಘದ ಕಂತನ್ನು ಪ್ರತ್ಯೇಕವಾಗಿ ತೋರಿಸಿದ್ದರೆ, 38,200ರ ಅರ್ಧ 19,100. ಅದರಲ್ಲಿ 6,000 ಕಳೆದರೆ ಹೊಸ ಸಾಲಕ್ಕೆ 13,100 ರೂಪಾಯಿ ಕಂತಿನ ಅವಕಾಶ ಉಳಿಯುತ್ತದೆ. "ಒಟ್ಟು ಕಡಿತ 13,800, ನಿವ್ವಳ 32,200" ಎಂದು ಒಟ್ಟುಗೂಡಿಸಿ ಬರೆದಿದ್ದರೆ ಅರ್ಧ 16,100 ಆಗುತ್ತದೆ. ಅರ್ಜಿಯಲ್ಲಿ ನೌಕರರೇ ಘೋಷಿಸಿದ ಸಂಘದ ಸಾಲಕ್ಕಾಗಿ ಬ್ಯಾಂಕು ಮತ್ತೆ 6,000 ಕಳೆದರೆ ಉಳಿಯುವುದು 10,100 ಮಾತ್ರ. ಒಂದೇ ಕಂತು ಎರಡು ಬಾರಿ ಲೆಕ್ಕಕ್ಕೆ ಬಂದಂತಾಯಿತು. ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಒಂದು ಲಕ್ಷಕ್ಕೆ ಮಾಸಿಕ ಕಂತು ಸುಮಾರು 868 ರೂಪಾಯಿ. ಈ ಲೆಕ್ಕದಂತೆ ಮೊದಲನೆಯ ಪತ್ರಕ್ಕೆ ಸುಮಾರು 15 ಲಕ್ಷ, ಎರಡನೆಯದಕ್ಕೆ ಸುಮಾರು 11.6 ಲಕ್ಷ ರೂಪಾಯಿ ಸಾಲ ದೊರೆಯುತ್ತದೆ. ವೇತನ ಒಂದೇ ಆಗಿದ್ದರೂ ಪತ್ರ ಬರೆದ ರೀತಿಯಿಂದಲೇ ಸುಮಾರು ಮೂರೂವರೆ ಲಕ್ಷದ ಅಂತರ ಉಂಟಾಯಿತು.

ಉದ್ದೇಶ ನಮೂದಿಸುವುದರಿಂದ ಕಚೇರಿಗೂ ರಕ್ಷಣೆಯಿದೆ. "ಗೃಹಸಾಲದ ಉದ್ದೇಶಕ್ಕೆ ಇಂತಹ ಬ್ಯಾಂಕಿಗೆ ಸಲ್ಲಿಸಲು ನೀಡಲಾಗಿದೆ" ಎಂಬ ಷರಾ ಇದ್ದಲ್ಲಿ ಅದೇ ಪತ್ರವನ್ನು ಬೇರೆ ಸಾಲಕ್ಕೆ ಬಳಸುವುದು ಕಷ್ಟ. ವೇತನದಿಂದ ಕಂತು ಕಡಿತ ಮಾಡಿ ಕಳುಹಿಸುವ ಒಪ್ಪಿಗೆ ಪತ್ರವನ್ನು ಬ್ಯಾಂಕು ಕೇಳಿದ್ದರೆ ಅದು ಬೇರೆಯೇ ಹೊಣೆ. ಅದಕ್ಕೆ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕು.

ಬೇಕಾದ ದಿನಾಂಕವನ್ನು ನಿಗದಿಪಡಿಸುವ ಬಗೆ

"ಶೀಘ್ರವಾಗಿ", "ತುರ್ತಾಗಿ" ಎಂಬ ಪದಗಳಿಂದ ಲೆಕ್ಕಶಾಖೆಗೆ ಯಾವ ಮಾಹಿತಿಯೂ ದೊರೆಯುವುದಿಲ್ಲ. ದಿನಾಂಕವನ್ನು ಕ್ರಯದ ಕರಾರಿನಿಂದ ಹಿಂದಕ್ಕೆ ಎಣಿಸಿ ತಿಳಿಸಬೇಕು. ಮೇಲಿನ ಲೆಕ್ಕ ಸಹಾಯಕರು ಸೆಪ್ಟೆಂಬರ್ 1ರಂದು ಮುಂಗಡ ಕೊಟ್ಟು 90 ದಿನಗಳ ಕರಾರು ಮಾಡಿಕೊಂಡಿದ್ದಾರೆ ಎನ್ನೋಣ. ನವೆಂಬರ್ 30ರೊಳಗೆ ನೋಂದಣಿಯಾಗದಿದ್ದರೆ ಕರಾರಿನ ಷರತ್ತಿನಂತೆ ಮುಂಗಡ ಹಣಕ್ಕೇ ಧಕ್ಕೆ ಬರಬಹುದು. ವಕೀಲರ ಅಭಿಪ್ರಾಯ, ಮೌಲ್ಯಮಾಪನ ಹಾಗೂ ಮಂಜೂರಾತಿಗೆ ಕಾಲಾವಕಾಶ ಬೇಕಾದ್ದರಿಂದ ಬ್ಯಾಂಕು ಅಕ್ಟೋಬರ್ 10ರೊಳಗೆ ಕಡತ ಕೇಳಿದೆ. ಆಗ ಪತ್ರವನ್ನು ಅಕ್ಟೋಬರ್ 8ಕ್ಕೆ ಕೋರಿ, ಅರ್ಜಿಯನ್ನು ಸೆಪ್ಟೆಂಬರ್ 25ರೊಳಗೆ ಸಲ್ಲಿಸುವುದು ಸೂಕ್ತ. ತಿಂಗಳ ಕೊನೆಯಲ್ಲಿ ಶಾಖೆಯು ವೇತನ ಬಿಲ್ಲುಗಳಲ್ಲಿ ತೊಡಗಿರುತ್ತದೆ. ಅಕ್ಟೋಬರ್ 2ರ ರಜೆಯೂ ನಡುವೆ ಬರುತ್ತದೆ.

ದಿನಾಂಕದೊಂದಿಗೆ ಯಾವ ತಿಂಗಳ ವೇತನ ಎಂಬುದನ್ನೂ ಬರೆಯಬೇಕು. ಇಲ್ಲದಿದ್ದರೆ ಸೆಪ್ಟೆಂಬರ್ 26ರಂದೇ ಆಗಸ್ಟ್ ತಿಂಗಳ ಪತ್ರ ಕೈಸೇರಬಹುದು. ಇತ್ತೀಚಿನ ತಿಂಗಳ ವೇತನವೇ ಬೇಕೆನ್ನುವ ಬ್ಯಾಂಕು ಅದನ್ನು ಹಿಂದಿರುಗಿಸುತ್ತದೆ. ಬೇಗ ಬಂದ ಪತ್ರದಿಂದಲೂ ಹೀಗೆ ವಿಳಂಬವಾಗುವುದುಂಟು.

ಮಾದರಿ ಕೋರಿಕೆ

ಇವರಿಗೆ: ಕಾರ್ಯನಿರ್ವಾಹಕ ಅಧಿಕಾರಿಗಳು, ತಾಲ್ಲೂಕು ಪಂಚಾಯತಿ, ........

ಮೂಲಕ: ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಗ್ರಾಮ ಪಂಚಾಯತಿ, ........

ವಿಷಯ: ಗೃಹಸಾಲಕ್ಕಾಗಿ ವೇತನ ಪ್ರಮಾಣಪತ್ರ ನೀಡುವ ಬಗ್ಗೆ.

ಮಾನ್ಯರೇ,

ಮನೆ ಖರೀದಿಗಾಗಿ ........ ಬ್ಯಾಂಕಿನ ........ ಶಾಖೆಯಲ್ಲಿ ಗೃಹಸಾಲಕ್ಕೆ ಅರ್ಜಿ ಸಲ್ಲಿಸುತ್ತಿದ್ದೇನೆ. ಸೆಪ್ಟೆಂಬರ್ ತಿಂಗಳ ವೇತನವನ್ನೊಳಗೊಂಡ ಪ್ರಮಾಣಪತ್ರವನ್ನು ಶಾಖಾ ವ್ಯವಸ್ಥಾಪಕರ ಹೆಸರಿಗೆ, ಅಕ್ಟೋಬರ್ 8ರೊಳಗೆ ನೀಡಬೇಕೆಂದು ಕೋರುತ್ತೇನೆ. ಸೇವೆಗೆ ಸೇರಿದ ಹಾಗೂ ನಿವೃತ್ತಿಯ ದಿನಾಂಕಗಳನ್ನು ನಮೂದಿಸಿ, ಶಾಸನಬದ್ಧ ಕಡಿತಗಳನ್ನೂ ಸಾಲದ ಕಂತುಗಳನ್ನೂ ಪ್ರತ್ಯೇಕವಾಗಿ ತೋರಿಸಲು ವಿನಂತಿ. ಬ್ಯಾಂಕಿನ ನಮೂನೆಯನ್ನು ಲಗತ್ತಿಸಿದೆ.

ತಮ್ಮ ವಿಶ್ವಾಸಿ,
(ಸಹಿ, ಹೆಸರು, ಪದನಾಮ, ಕೆ.ಜಿ.ಐ.ಡಿ. ಸಂಖ್ಯೆ, ದಿನಾಂಕ)

ಗ್ರಾಮ ಪಂಚಾಯತಿಯ ನೌಕರರು ಇದೇ ಮಾದರಿಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ ನೇರವಾಗಿ ಬರೆಯಬಹುದು. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಪಡೆಯತಕ್ಕದ್ದು.

ಪತ್ರ ಕೈಸೇರಿದಾಗ

ಹೆಸರು ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಖಾತೆಯಲ್ಲಿರುವಂತೆಯೇ ಇದೆಯೇ, ಪತ್ರದಲ್ಲಿನ ನಿವ್ವಳ ಮೊತ್ತವು ಆ ತಿಂಗಳು ಖಾತೆಗೆ ಜಮೆಯಾದ ಮೊತ್ತಕ್ಕೆ ಹೊಂದುತ್ತದೆಯೇ, ಸಹಿಯ ಕೆಳಗೆ ಪದನಾಮದ ಮೊಹರು ಇದೆಯೇ ಎಂಬುದನ್ನು ಕಚೇರಿಯಲ್ಲಿಯೇ ನೋಡಿಕೊಳ್ಳಬೇಕು. ವ್ಯತ್ಯಾಸವಿದ್ದಲ್ಲಿ ಕೈಬರಹದಲ್ಲಿ ತಿದ್ದಿಸದೆ ಹೊಸ ಪತ್ರವನ್ನೇ ಪಡೆಯತಕ್ಕದ್ದು. ತಿದ್ದಿದ ಪತ್ರವನ್ನು ಬ್ಯಾಂಕು ನಿರಾಕರಿಸಬಹುದು.